ಮುಂಬಯಿಯಲ್ಲಿ ನಿಂತ ರೂಪಾಯಿ

ಸಣ್ಣಸ್ವಾಮಿಯವರ ಎದುರಿನ ಮೇಜಿನಲ್ಲಿ ನಾನು ಹನ್ನೊಂದು ವರ್ಷದಿಂದ ಕೂತಿದ್ದೇನೆ. ಅಷ್ಟೂ ವರ್ಷ ಅವರ ಮೇಲೆ ಸಿಟ್ಟು ಮಾಡಿಕೊಂಡೇ ಇದ್ದೆ ಅಂದರೂ ಸುಳ್ಳಲ್ಲ. ಇನ್‌ವಾಯ್ಸ್‌ನಲ್ಲಿ ಒಂದು ಕಾಮಾ ಬಿಟ್ಟುಹೋದರೆ ಇಡೀ ಹಾಳೆಯನ್ನು ಹರಿದು ಹೊಸದಾಗಿ ಪ್ರಿಂಟ್ ಹಾಕಿಸುವ ಮನುಷ್ಯ. ಹರಿದ ಹಾಳೆಯ ಹಿಂಭಾಗವನ್ನು ಲೆಕ್ಕ ಗೀಚಲು ಇಟ್ಟುಕೊಳ್ಳುತ್ತಿದ್ದರು, ಅದೊಂದು ಪುಣ್ಯ.

ನಮ್ಮದು ಕುಶಾಲನಗರದ ಒಂದು ಸಣ್ಣ ಕಾಫಿ ಕ್ಯೂರಿಂಗ್ ವರ್ಕ್ಸ್. ಬೆಳೆಗಾರರು ಒಣಗಿಸಿ ತಂದ ಚೆರಿ ಕಾಫಿಯ ಸಿಪ್ಪೆ ತೆಗೆದು, ಬೀಜವನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ, ವರ್ಷಕ್ಕೆ ಮೂವತ್ತು ನಲವತ್ತು ಕಂಟೇನರ್ ಹೊರದೇಶಕ್ಕೆ ಕಳಿಸುತ್ತೇವೆ. ಮಾಲೀಕರು ಪೊನ್ನಪ್ಪನವರು. ಲೆಕ್ಕ ನನ್ನದು. ರಫ್ತಿನ ಕಾಗದಪತ್ರವೆಲ್ಲ ಸಣ್ಣಸ್ವಾಮಿಯವರದು. ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ರೈತರ ಮಗ. ಪಿಯುಸಿ ಮುಗಿಸಿ ಇಪ್ಪತ್ತೆಂಟು ವರ್ಷದ ಹಿಂದೆ ಗೋಡೌನ್‌ನಲ್ಲಿ ಚೀಲ ಎಣಿಸುವ ಕೆಲಸಕ್ಕೆ ಸೇರಿದವರು, ಟೈಪಿಂಗ್ ಕಲಿತು ಆಫೀಸಿನೊಳಗೆ ಬಂದರು. ಅವರು ಮಾಡಿದ ಒಂದೇ ಒಂದು ಸೆಟ್ ಕಾಗದವೂ ತಪ್ಪಿದೆ ಎಂದು ಬ್ಯಾಂಕಿನಿಂದ ವಾಪಸ್ ಬಂದಿರಲಿಲ್ಲ. ಅದು ಅವರ ಹೆಮ್ಮೆ. ಚಹಾ ಕುಡಿಯುವಾಗ ಹೇಳುತ್ತಿದ್ದರು, ಊಟದ ಡಬ್ಬಿ ತೆರೆಯುವಾಗ ಹೇಳುತ್ತಿದ್ದರು. ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು.

"ಕಾಗದ ಸರಿ ಇದ್ರೆ ದುಡ್ಡು ಬಂದೇ ಬರುತ್ತೆ ರಶ್ಮಿತಾ. ಬರದೆ ಎಲ್ಲಿಗೆ ಹೋಗುತ್ತೆ?"

ಅವರ ತಂಗಿ ಮುತ್ತಮ್ಮ ಸಿದ್ದಾಪುರದ ಹತ್ತಿರ ಇದ್ದಾರೆ. ಗಂಡ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು, ಉಳಿಸಿದ ದುಡ್ಡಲ್ಲಿ ಎರಡೂವರೆ ಎಕರೆ ರೊಬಸ್ಟಾ ತೋಟ ಮಾಡಿದರು. ತೋಟ ಚೆನ್ನಾಗಿದೆ, ಆದರೆ ದಾರಿ ಇಲ್ಲ. ರಸ್ತೆಗೂ ತೋಟಕ್ಕೂ ನಡುವೆ ಸುಮಿತ್ರಮ್ಮ ಎಂಬವರ ಹತ್ತು ಗುಂಟೆ ಜಾಗ ಅಡ್ಡ ಇದೆ. ಅದರಲ್ಲಿ ಪಿಕಪ್ ಹೋಗಲು ಅವರು ಬಿಟ್ಟವರಲ್ಲ. ಹಾಗಾಗಿ ಹಣ್ಣು ಕಿತ್ತ ಮೇಲೆ ಪ್ರತಿಯೊಂದು ಮೂಟೆಯನ್ನೂ ತಲೆ ಮೇಲೆ ಹೊತ್ತು, ಗದ್ದೆಯ ಬದು ಸುತ್ತಿ, ಅರ್ಧ ಕಿಲೋಮೀಟರ್ ನಡೆದು ರಸ್ತೆಗೆ ತರಬೇಕು. ಹೊರುವ ಆಳಿಗೆ ಕೀಳುವ ಆಳಿಗಿಂತ ಹೆಚ್ಚು ಕೂಲಿ. ಆಳು ಸಿಗದ ದಿನ ಮುತ್ತಮ್ಮನೇ ಹೊರುತ್ತಿದ್ದರು. ಹದಿನೆಂಟು ವರ್ಷ ಹಾಗೇ ನಡೆದಿತ್ತು.

ಎರಡು ಸಾವಿರದ ಇಪ್ಪತ್ತನಾಲ್ಕರ ಮಳೆಗಾಲದ ಕೊನೆಗೆ ಸುಮಿತ್ರಮ್ಮ ಮೈಸೂರಿನ ಮಗಳ ಮನೆ ಪಕ್ಕ ಸೈಟು ನೋಡಿ, ಆ ಹತ್ತು ಗುಂಟೆಯನ್ನು ಮಾರುತ್ತೇನೆಂದರು. ಮೂರೂವರೆ ಲಕ್ಷ. ಮೊದಲು ಮುತ್ತಮ್ಮನನ್ನೇ ಕೇಳಿದರು. "ಸಂಕ್ರಾಂತಿ ತನಕ ಕಾಯ್ತೀನಿ, ಆಮೇಲೆ ನನ್ನ ಕೇಳ್ಬೇಡ" ಎಂದರು. ಮುತ್ತಮ್ಮನ ಬಳಿ ಆ ದುಡ್ಡು ಕಾಫಿಯ ರೂಪದಲ್ಲಿತ್ತು. ನಮ್ಮ ಗೋಡೌನ್‌ನಲ್ಲೇ ಇತ್ತು.

ಕೊಡಗಿನಲ್ಲಿ ಕಾಫಿ ಕೊಟ್ಟ ದಿನವೇ ಎಲ್ಲರೂ ರೇಟು ಮಾಡುವುದಿಲ್ಲ. ಕಾಫಿಯನ್ನು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಇಟ್ಟು, ತೂಕದ ಚೀಟಿ ಮಾತ್ರ ತೆಗೆದುಕೊಂಡು ಹೋಗುತ್ತಾರೆ. ಮಾರ್ಕೆಟ್ ಏರಿದ ದಿನ ಫೋನ್ ಮಾಡಿ "ಇವತ್ತು ಫಿಕ್ಸ್ ಮಾಡಿ" ಅನ್ನುತ್ತಾರೆ. ಮುತ್ತಮ್ಮನ ನಲವತ್ತು ಮೂಟೆ ಬೇಸಿಗೆಯಿಂದ ಹಾಗೇ ಬಿದ್ದಿತ್ತು. ಆ ವರ್ಷ ರೊಬಸ್ಟಾ ಯಾರೂ ಕಂಡಿರದ ರೇಟಿಗೆ ಹೋಗಿತ್ತು. ಅಕ್ಟೋಬರ್‌ನಲ್ಲಿ ಫಿಕ್ಸ್ ಮಾಡಲು ಬಂದಾಗ ಅವರಿಗೆ ಸಣ್ಣಸ್ವಾಮಿ ಬುದ್ಧಿ ಹೇಳಿದರು, ನನ್ನ ಎದುರೇ.

"ಇವತ್ತೇ ದುಡ್ಡು ತಗೊಂಡ್ರೆ ಇವತ್ತಿನ ರೇಟು. ರಷ್ಯಾಕ್ಕೆ ಒಂದು ಕಂಟೇನರ್ ಹೋಗ್ತಿದೆ, ಅದಕ್ಕೆ ಸೇರಿಸಿದ್ರೆ ಮೂಟೆಗೆ ಐನೂರು ಜಾಸ್ತಿ. ದುಡ್ಡು ಡಿಸೆಂಬರ್‌ಗೆ. ನಿನ್ನ ರಿಜಿಸ್ಟ್ರೇಶನ್ ಖರ್ಚು ಬರುತ್ತಲ್ಲಮ್ಮ?"

"ನೀನು ಹೇಳಿದ್ಮೇಲೆ ಆಯ್ತು ಬಿಡಣ್ಣ" ಎಂದು ಮುತ್ತಮ್ಮ ಸಹಿ ಹಾಕಿದರು. ಸಂಕ್ರಾಂತಿಗೆ ಇನ್ನೂ ಮೂರು ತಿಂಗಳಿತ್ತು.

ರಷ್ಯಾದ ದುಡ್ಡು ನಮಗೆ ಹೇಗೆ ಬರುತ್ತಿತ್ತು ಎಂಬುದನ್ನು ಹೇಳಬೇಕು. ಮೊದಲೆಲ್ಲ ಡಾಲರ್. ಮಾಸ್ಕೋದ ನಮ್ಮ ಖರೀದಿದಾರ ಆಂದ್ರೇ ತನ್ನ ರೂಬಲ್ ಕೊಟ್ಟು ಡಾಲರ್ ಕೊಳ್ಳುತ್ತಿದ್ದ, ಆ ಡಾಲರ್ ನ್ಯೂಯಾರ್ಕಿನ ಬ್ಯಾಂಕ್ ಹಾದು ಮುಂಬಯಿಗೆ ಬಂದು ರೂಪಾಯಿಯಾಗುತ್ತಿತ್ತು. ಯುಕ್ರೇನ್ ಯುದ್ಧ ಶುರುವಾದ ಮೇಲೆ ಆ ದಾರಿ ಮುಚ್ಚಿತು. ರಷ್ಯಾದ ಹಲವು ಬ್ಯಾಂಕುಗಳನ್ನು ಬ್ಯಾಂಕುಗಳು ಒಂದಕ್ಕೊಂದು ಸಂದೇಶ ಕಳಿಸುವ ಜಾಲವಾದ ಸ್ವಿಫ್ಟ್‌ನಿಂದಲೇ ಹೊರಗೆ ಹಾಕಿದರು. ಆಂದ್ರೇ ಬಡವನಾಗಲಿಲ್ಲ. ಅವನ ಕಪಾಟಿನ ತುಂಬ ರೂಬಲ್ ಇತ್ತು. ಅವನ ದೇಶದ ಗಡಿ ದಾಟಿದರೆ ಅದನ್ನು ಕೈಗೆ ತೆಗೆದುಕೊಳ್ಳುವವರು ಇರಲಿಲ್ಲ, ಅಷ್ಟೇ.

ಆಗ ನಮ್ಮ ರಿಸರ್ವ್ ಬ್ಯಾಂಕ್ ಇನ್ನೊಂದು ದಾರಿ ಮಾಡಿತು. ರಷ್ಯಾದ ಬ್ಯಾಂಕುಗಳು ನಮ್ಮ ಬ್ಯಾಂಕುಗಳಲ್ಲಿ ರೂಪಾಯಿಯ ವಿಶೇಷ ಖಾತೆ ತೆರೆಯಬಹುದು. ನಾವು ಅವರಿಂದ ಎಣ್ಣೆಯನ್ನೋ ಮತ್ತೊಂದನ್ನೋ ಕೊಂಡು ರೂಪಾಯಿ ಕೊಟ್ಟರೆ ಅದು ಆ ಖಾತೆಗೆ ಬೀಳುತ್ತದೆ. ನಮ್ಮ ರೂಪಾಯಿಯನ್ನೂ ಹೊರಗೆ ಎಲ್ಲೆಂದರಲ್ಲಿ ತೆಗೆದುಕೊಳ್ಳುವುದಿಲ್ಲವಲ್ಲ, ಹಾಗಾಗಿ ಅವರ ಬಹಳಷ್ಟು ರೂಪಾಯಿ ಇಲ್ಲೇ ರಾಶಿ ಬಿದ್ದಿತ್ತು. ಆಂದ್ರೇ ಮಾಸ್ಕೋದಲ್ಲಿ ತನ್ನ ಬ್ಯಾಂಕಿಗೆ ರೂಬಲ್ ಕಟ್ಟುವುದು, ಆ ಬ್ಯಾಂಕ್ ಮುಂಬಯಿಯ ತನ್ನ ಖಾತೆಯಿಂದ ನಮಗೆ ರೂಪಾಯಿ ಕೊಡಿಸುವುದು. ಡಾಲರಿನ ಸೋಂಕೇ ಇಲ್ಲ. ಇನ್‌ವಾಯ್ಸ್ ರೂಪಾಯಿಯಲ್ಲೇ ಇರಬೇಕು. ಸಣ್ಣಸ್ವಾಮಿ ಆ ಸುತ್ತೋಲೆಯನ್ನು ಬಾಯಿಪಾಠ ಮಾಡಿಕೊಂಡಿದ್ದರು. ಎರಡು ವರ್ಷದಲ್ಲಿ ಐದು ಕಂಟೇನರ್ ಹಾಗೆ ಕಳಿಸಿ, ಐದಕ್ಕೂ ದುಡ್ಡು ತರಿಸಿದ್ದರು.

ಆರನೆಯದು ಅಕ್ಟೋಬರ್ ಕೊನೆಗೆ ಮಂಗಳೂರಿನಿಂದ ಹಡಗು ಹತ್ತಿತು. ಮುನ್ನೂರ ಇಪ್ಪತ್ತು ಚೀಲ. ಕಾಗದ ನಮ್ಮ ಬ್ರಾಂಚಿನಿಂದ ಮುಂಬಯಿಗೆ ಹೋಯಿತು. ಅಲ್ಲಿಂದ ಮಾಸ್ಕೋಗೆ ಹೋಗಬೇಕಿತ್ತು. ದೊಡ್ಡ ಕೊರಿಯರ್‌ನವರು ಆ ದೇಶಕ್ಕೆ ಹೋಗುವುದನ್ನು ಬಿಟ್ಟಿದ್ದರಿಂದ ಸುತ್ತುಬಳಸಿ ಕಳಿಸುವವರನ್ನು ಹುಡುಕುವುದರಲ್ಲೇ ಎರಡು ವಾರ ಹೋಯಿತು. ಅಷ್ಟರಲ್ಲಿ ನವೆಂಬರ್ ಮೂರನೇ ವಾರ ಅಮೆರಿಕ ರಷ್ಯಾದ ಐವತ್ತಕ್ಕೂ ಹೆಚ್ಚು ಬ್ಯಾಂಕುಗಳನ್ನು ಒಟ್ಟಿಗೆ ನಿರ್ಬಂಧದ ಪಟ್ಟಿಗೆ ಹಾಕಿತು. ಆಂದ್ರೇಯ ಬ್ಯಾಂಕ್ ಅದರಲ್ಲಿತ್ತು.

ಸುದ್ದಿ ತಂದವರು ಬ್ಯಾಂಕಿನ ಮಹೇಶ್. ಕುಶಾಲನಗರದ ಬ್ರಾಂಚಿನಲ್ಲಿ ರಫ್ತಿನ ಕಾಗದ ನೋಡುವವರು, ಸಣ್ಣಸ್ವಾಮಿಯವರನ್ನು ಕಂಡರೆ ಗೌರವ. ಸ್ಕೂಟರ್‌ನಲ್ಲಿ ತಾವೇ ಬಂದರು.

"ಮುಂಬಯಿಯವರು ನಿಲ್ಸಿದಾರೆ ಸರ್. ಆ ಖಾತೆಯಿಂದ ಒಂದು ರೂಪಾಯಿನೂ ಎತ್ತಲ್ಲ ಅಂತಿದಾರೆ."

"ಯಾಕೆ ಎತ್ತಲ್ಲ? ಕಾಫಿ ಆಹಾರ ಪದಾರ್ಥ. ಆಹಾರಕ್ಕೆ ಅಮೆರಿಕದವರೇ ವಿನಾಯ್ತಿ ಕೊಟ್ಟಿದಾರೆ." ಸಣ್ಣಸ್ವಾಮಿ ಆಗಲೇ ಅದರ ಪ್ರಿಂಟ್ ತೆಗೆದಿಟ್ಟಿದ್ದರು.

"ಕಾಗದದಲ್ಲಿ ಇದೆ ಸರ್, ನಾನೂ ಓದಿದೆ. ಆದ್ರೆ ನಮ್ಮ ಬ್ಯಾಂಕಿಗೆ ನ್ಯೂಯಾರ್ಕ್‌ನಲ್ಲಿ ಡಾಲರ್ ವ್ಯವಹಾರ ಇದೆ. ಪಟ್ಟಿಲಿರೋ ಬ್ಯಾಂಕ್ ಜೊತೆ ಕಾಣಿಸ್ಕೊಂಡ್ರೆ ನಾಳೆ ಆ ಬಾಗಿಲೇ ಮುಚ್ಚಬಹುದು. ನಿಮ್ಮ ಅರವತ್ತು ಲಕ್ಷಕ್ಕೋಸ್ಕರ ಅವ್ರು ಆ ರಿಸ್ಕ್ ತಗೋತಾರಾ, ನೀವೇ ಹೇಳಿ."

ಪೊನ್ನಪ್ಪನವರು ಗಾಜಿನ ಕೋಣೆಯಿಂದ ಎದ್ದು ಬಂದರು. "ಎಂತ ಸ್ವಾಮಿ ಇದು? ದುಡ್ಡು ನಮ್ಮ ರೂಪಾಯಿ, ಇರೋದು ನಮ್ಮ ಮುಂಬಯಿಲಿ, ಕಟ್ಟೋಕೆ ಅವನು ರೆಡಿ ಇದಾನೆ. ಮತ್ತೆಂತ ಅಡ್ಡ?"

ಸಣ್ಣಸ್ವಾಮಿ ಹಡಗಿನ ರಶೀದಿಯ ನಕಲನ್ನು ಎದುರಿಗೆ ಎಳೆದುಕೊಂಡರು. ಇನ್ನೊಂದು ಅಡ್ಡವೂ ಇತ್ತು. ಅದನ್ನು ಅಲ್ಲಿ ತಂದಿಟ್ಟವರು ಅವರೇ.

ಹಡಗಿನ ಕಂಪನಿ ಕೊಡುವ ರಶೀದಿಗೆ ಬಿಲ್ ಆಫ್ ಲೇಡಿಂಗ್ ಎನ್ನುತ್ತಾರೆ. ಅದು ಯಾರ ಕೈಯಲ್ಲಿದೆಯೋ ಅವರದು ಸರಕು. ಅದರಲ್ಲಿ ಸರಕು ಯಾರ ಆದೇಶಕ್ಕೆ ಎಂಬ ಕಾಲಂ ಇದೆ. ಅನೇಕರು ಅಲ್ಲಿ ಬರೀ "ಆದೇಶಕ್ಕೆ" ಎಂದು ಬಿಡುತ್ತಾರೆ. ಸಣ್ಣಸ್ವಾಮಿಯವರಿಗೆ ಕಾಲಂ ಖಾಲಿ ಬಿಟ್ಟರೆ ನಿದ್ದೆ ಬರುವುದಿಲ್ಲ. ಖರೀದಿದಾರನ ಬ್ಯಾಂಕಿನ ಹೆಸರು, ವಿಳಾಸ, ಬ್ರಾಂಚ್ ಸಹಿತ ಬರೆಸುತ್ತಿದ್ದರು. ದುಡ್ಡು ಕಟ್ಟದೆ ಬ್ಯಾಂಕ್ ಸಹಿ ಹಾಕುವುದಿಲ್ಲ, ಬ್ಯಾಂಕಿನ ಸಹಿ ಇಲ್ಲದೆ ಸರಕು ಕದಲುವುದಿಲ್ಲ. ಇಷ್ಟು ವರ್ಷ ಅದು ನಮ್ಮನ್ನು ಕಾಪಾಡಿತ್ತು. ಈಗ ಪಟ್ಟಿಗೆ ಬಿದ್ದ ಬ್ಯಾಂಕಿನ ಹೆಸರು ಸರಕಿನ ಮೇಲೆ ಕೂತಿತ್ತು. ಆ ಹೆಸರು ಅಳಿಸುವ ತನಕ ಹಡಗಿನವರು ಸರಕು ಬಿಡುವುದಿಲ್ಲ ಎಂದರು. ಬೇರೆಯವರಿಗೆ ಮಾರೋಣವೆಂದರೆ ಅದೂ ಆಗದು.

ಮುಂದಿನ ಮೂರು ವಾರ ಆ ಮನುಷ್ಯ ಓಡಾಡಿದ್ದನ್ನು ನೋಡಿ ನನ್ನ ಹಳೆಯ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಮುಂಬಯಿಯಿಂದ ಆ ರಶೀದಿಯ ಮೂರೂ ಮೂಲಪ್ರತಿ ವಾಪಸ್ ತರಿಸಿಕೊಂಡರು. ಜೀವನದಲ್ಲಿ ಮೊದಲ ಸಲ ಅವರ ಕಾಗದ ವಾಪಸ್ ಬಂದಿತ್ತು. ಲಕೋಟೆಯನ್ನು ತೆರೆಯದೆ ಸ್ವಲ್ಪ ಹೊತ್ತು ಮೇಜಿನ ಮೇಲೆ ಇಟ್ಟುಕೊಂಡು ಕೂತರು. ಮರುದಿನ ಅದನ್ನು ಎತ್ತಿಕೊಂಡು ಬೆಳಗಿನ ಬಸ್ಸಿಗೆ ಮಂಗಳೂರಿಗೆ ಹೋದರು. ಹಡಗಿನ ಏಜೆಂಟರ ಕೈಕಾಲು ಹಿಡಿದು, ನಷ್ಟವಾದರೆ ನಮ್ಮದೇ ಹೊಣೆ ಎಂಬ ಪತ್ರ ಬರೆದುಕೊಟ್ಟು, ಹೊಸ ರಶೀದಿ ಮಾಡಿಸಿದರು. ಆ ಕಾಲಂನಲ್ಲಿ ಏನು ಬರೆಯಬೇಕೆಂದು ಏಜೆಂಟ್ ಕೇಳಿದಾಗ "ಹೆಸರು ಬೇಡ, ಆದೇಶಕ್ಕೆ ಅಂತ ಮಾತ್ರ ಹಾಕಿ" ಎಂದರಂತೆ.

ಆಂದ್ರೇ ಕೈಕಟ್ಟಿ ಕೂತಿರಲಿಲ್ಲ. ಪಟ್ಟಿಯಲ್ಲಿ ಇಲ್ಲದ ಒಂದು ಸಣ್ಣ ಬ್ಯಾಂಕ್ ಹುಡುಕಿದ. ಆ ಬ್ಯಾಂಕಿಗೆ ದೆಹಲಿಯ ಒಂದು ಬ್ಯಾಂಕಿನಲ್ಲಿ ರೂಪಾಯಿ ಖಾತೆ ಇತ್ತು. ಆದರೆ ಎಲ್ಲರೂ ಅಂಥ ಬ್ಯಾಂಕುಗಳ ಮುಂದೆಯೇ ಸಾಲುಗಟ್ಟಿದ್ದರು. ಖಾತೆ ತೆರೆದು, ದೆಹಲಿಯವರು ಅವನ ಪೂರ್ವಾಪರ ಪರೀಕ್ಷಿಸಿ ಒಪ್ಪುವುದಕ್ಕೆ ಆರು ವಾರವೋ ಎಂಟು ವಾರವೋ ಎಂದ. ಅಂದರೆ ಸಂಕ್ರಾಂತಿ ದಾಟುತ್ತದೆ.

ಡಿಸೆಂಬರ್ ಹದಿನೆಂಟಕ್ಕೆ ಅವನಿಂದ ಇನ್ನೊಂದು ಮೇಲ್ ಬಂತು. ದುಬೈಯಲ್ಲಿ ಪರಿಚಯದ ಒಂದು ಕಂಪನಿ ಇದೆ, ಅಲ್ಲಿ ರೂಬಲ್ ತೆಗೆದುಕೊಂಡು ದಿರ್ಹಮ್ ಕೊಡುತ್ತಾರೆ. ಅವರ ಖಾತೆಯಿಂದ ನಿಮಗೆ ಮೂರು ದಿನದಲ್ಲಿ ದುಡ್ಡು ಹಾಕಿಸುತ್ತೇನೆ. ಒಪ್ಪಿಗೆಯೇ?

ಪೊನ್ನಪ್ಪನವರ ಕಣ್ಣು ಅರಳಿತು. ಅವರಿಗೂ ಕಷ್ಟವೇ. ಬೇರೆ ಬೆಳೆಗಾರರು ದಿನಾ ಫೋನ್ ಮಾಡಿ ಫಿಕ್ಸ್ ಮಾಡುತ್ತಿದ್ದರು. ಅವರಿಗೆಲ್ಲ ಅಂದೇ ಕೊಡಬೇಕು. ಬ್ಯಾಂಕಿನ ಸಾಲದ ಮಿತಿ ತುದಿಗೆ ಬಂದಿತ್ತು. ಮಹೇಶ್‌ಗೆ ಫೋನ್ ಹಾಕಿದರು.

ಸ್ಪೀಕರ್‌ನಲ್ಲಿ ಮಹೇಶ್ ಹೇಳಿದ್ದು ಇಷ್ಟು: "ಖರೀದಿದಾರನ ಬದ್ಲು ಮೂರನೆಯವರು ಕೊಡೋದಕ್ಕೆ ಅವಕಾಶ ಇದೆ ಸರ್. ಒಪ್ಪಂದ ಬೇಕು, ಮೊದ್ಲೇ ತಿಳಿಸ್ಬೇಕು, ಕಾಗದ ಸರಿಯಾಗಿ ಕೊಟ್ರೆ ನಾನು ಮುಂದಕ್ಕೆ ಕಳಿಸ್ತೀನಿ. ಆದ್ರೆ ಆ ಕಂಪನಿ ಯಾರ್ದು ಅಂತ ನಿಮಗೆ ಗೊತ್ತಾ? ನಾಳೆ ಅದೂ ಪಟ್ಟಿಗೆ ಬಿದ್ರೆ, ಅವರಿಂದ ದುಡ್ಡು ತಗೊಂಡವ್ರ ಖಾತೆನೂ ಹಿಡಿದು ಕೂರ್ತಾರೆ."

ಸಣ್ಣಸ್ವಾಮಿ ಆ ಕಂಪನಿಯ ನೋಂದಣಿಯ ಕಾಗದ ತರಿಸಿದರು. ಹುಟ್ಟಿ ನಾಲ್ಕು ತಿಂಗಳಾಗಿತ್ತು. ಮೊಬೈಲ್ ಬಿಡಿಭಾಗ ಮಾರುವ ಕಂಪನಿ. ಮಾಲೀಕರ ಹೆಸರಿನ ಜಾಗದಲ್ಲಿ ಇನ್ನೊಂದು ಕಂಪನಿಯ ಹೆಸರು.

ಪೊನ್ನಪ್ಪನವರು ಅಂದು ಹೇಳಿದ ಮಾತು ನನಗೆ ಮರೆಯುವುದಿಲ್ಲ. "ಸ್ವಾಮಿ, ಈ ಕಾಗದದ ಕೆಲಸ ನಂಗೆ ಎಂತ ಗೊತ್ತು? ನೀವು ಹೂಂ ಅಂದ್ರೆ ನಾನು ಸೈನ್ ಹಾಕ್ತೆ. ಬೇಡ ಅಂದ್ರೆ ಬೇಡ. ನಿಮ್ಮ ತಂಗಿ ಕಾಫಿನೂ ಅದ್ರಲ್ಲಿ ಉಂಟು, ನೋಡಿ ಹೇಳಿ."

ಒಳ್ಳೆಯ ಮನಸ್ಸಿನಿಂದಲೇ ಅಂದರು. ಆದರೆ ಒಬ್ಬ ಗುಮಾಸ್ತನ ತಲೆ ಮೇಲೆ ಅಷ್ಟು ಭಾರ ಇಡಬಾರದಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಮಧ್ಯಾಹ್ನ ಅವರು ಊಟದ ಡಬ್ಬಿ ತೆರೆಯಲಿಲ್ಲ. ನಾನು ತಡೆಯಲಾರದೆ ಕೇಳಿದೆ, "ಸರ್, ಎಷ್ಟೋ ಜನ ದುಬೈಯಿಂದ ತರಿಸ್ಕೋತಾರಂತೆ. ಒಂದು ಸಲ ತಾನೆ?"

"ನಮ್ಮ ಒಂದೇ ಖಾತೆ ರಶ್ಮಿತಾ. ಅರವತ್ತೆಂಟು ಬೆಳೆಗಾರರ ದುಡ್ಡು ಅದರಲ್ಲೇ ಬಂದು ಅದರಲ್ಲೇ ಹೋಗೋದು. ಬೀಜ ಆರಿಸೋ ಗಾರ್ಬ್ಲಿಂಗ್ ಹೆಂಗಸರ ಸಂಬಳನೂ ಅದರಲ್ಲೇ. ಅದು ನಿಂತ್ರೆ?" ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಹೇಳಿದರು. "ನಾನು ಇಷ್ಟು ವರ್ಷ ದುಡ್ಡು ಅಂದ್ರೆ ನೋಟಿನ ಒಳಗೆ ಇರೋದು ಅಂದ್ಕೊಂಡಿದ್ದೆ. ಅದು ತಗೊಳ್ಳೋನ ಕೈಯಲ್ಲಿ ಇರೋದು. ಅವನು ಕೈ ಹಿಂದಕ್ಕೆ ತಗೊಂಡ್ರೆ ಆಂದ್ರೇ ಹತ್ರ ಇರೋದೂ ಕಾಗದ, ನಾನು ಮಾಡಿದ್ದೂ ಕಾಗದ."

ಸಂಜೆ ಪೊನ್ನಪ್ಪನವರ ಕೋಣೆಗೆ ಹೋಗಿ "ಬೇಡ ಸರ್" ಎಂದರು. ಎರಡೇ ಪದ.

ಪೊನ್ನಪ್ಪನವರು ತಮ್ಮ ಕೈಯಿಂದ ಮುತ್ತಮ್ಮನಿಗೆ ಕೊಡಲು ನೋಡಿದರು. ಒಂದೂಕಾಲು ಲಕ್ಷ ಹೊಂದಿತು. ಸಣ್ಣಸ್ವಾಮಿ ಪಿಎಫ್‌ನಿಂದ ಒಂದು ಲಕ್ಷ ತೆಗೆದರು. ಸಂಕ್ರಾಂತಿಗೆ ಮೂರು ದಿನ ಮೊದಲು ಅದನ್ನು ಹಿಡಿದು ಸಿದ್ದಾಪುರಕ್ಕೆ ಹೋದರು. ನನ್ನನ್ನೂ ಕರೆದರು. ಉಳಿದದ್ದು ಕಂಪನಿಯಿಂದ ಬರಬೇಕಿದೆ ಎಂದು ಲೆಕ್ಕದವಳೇ ಹೇಳಿದರೆ ಸುಮಿತ್ರಮ್ಮ ನಂಬುತ್ತಾರೆ ಎಂಬ ಆಸೆ. ಲೆಟರ್‌ಹೆಡ್‌ನಲ್ಲಿ ಸೀಲು ಹಾಕಿದ ಪತ್ರ, ಅದರ ಜೊತೆ ಬ್ಯಾಂಕಿನ ಪತ್ರ, ಹಡಗಿನ ರಶೀದಿಯ ನಕಲು, ಎಲ್ಲವನ್ನೂ ಒಂದು ಫೈಲಿನಲ್ಲಿ ಪಿನ್ ಮಾಡಿದ್ದರು.

ಸುಮಿತ್ರಮ್ಮ ಕನ್ನಡಕ ಹಾಕಿ ಒಂದೊಂದೇ ಹಾಳೆ ತಿರುವಿದರು. ಕೆಟ್ಟ ಹೆಂಗಸೇನಲ್ಲ. ನಮಗೆ ಕಾಫಿಯನ್ನೂ ಕೊಟ್ಟರು.

"ಎಲ್ಲ ಸರಿಯಾಗೇ ಇರ್ಬೋದು ಸ್ವಾಮಿಯವ್ರೇ. ಆದ್ರೆ ಮೈಸೂರಿನ ಸೈಟಿನೋನಿಗೆ ನಾನು ಈ ಕಾಗದ ಕೊಡೋಕಾಗ್ತದಾ? ಅವನಿಗೂ ಹದಿನೈದಕ್ಕೆ ಪೂರ್ತಿ ದುಡ್ಡು ಬೇಕು. ದೀಪಕ್ ಅಂತ ಒಬ್ಬ ಹುಡುಗ ಅಷ್ಟೂ ಹಿಡ್ಕೊಂಡು ನಿಂತಿದ್ದಾನೆ."

ಮುತ್ತಮ್ಮ ಜಗಲಿಯ ತುದಿಯಲ್ಲಿ ನಿಂತಿದ್ದರು. ಹೊರಗೆ ಬಂದ ಮೇಲೆ ಅಣ್ಣನನ್ನು ಕೇಳಿದರು. "ದುಬೈ ಕಡೆಯಿಂದ ಬರೋದು ಇತ್ತಂತೆ, ನೀನೇ ಬ್ಯಾಡ ಅಂದ್ಯಂತೆ. ದಿಟವಾ?"

ಯಾರು ಹೇಳಿದರೋ ಗೊತ್ತಿಲ್ಲ. ಗೋಡೌನ್‌ನಲ್ಲಿ ಗುಟ್ಟು ಉಳಿಯುವುದಿಲ್ಲ. ಸಣ್ಣಸ್ವಾಮಿ ಹೌದು ಎಂದರು. ಕಾರಣ ಹೇಳಲು ಶುರು ಮಾಡಿದರು, ಪಟ್ಟಿ, ಖಾತೆ, ಅರವತ್ತೆಂಟು ಜನ ಎಂದೆಲ್ಲ. ಮುತ್ತಮ್ಮ ಪೂರ್ತಿ ಕೇಳಿಸಿಕೊಂಡರು.

"ನಾನು ಯಾವ ಬ್ಯಾಂಕನ್ನೂ ನಂಬಿರ್ಲಿಲ್ಲ, ಯಾವ ದೇಶನೂ ನಂಬಿರ್ಲಿಲ್ಲ. ನಿನ್ನ ನಂಬಿದ್ದೆ" ಎಂದು ಹೇಳಿ, ಬದುವಿನ ದಾರಿ ಹಿಡಿದು ಹೋಗಿಬಿಟ್ಟರು. ಬಸ್ಸಿನಲ್ಲಿ ವಾಪಸ್ ಬರುವಾಗ ಸಣ್ಣಸ್ವಾಮಿ ಕಿಟಕಿಯ ಕಡೆ ಮುಖ ಮಾಡಿ ಕೂತರು. ನಾನು ಟಿಕೆಟ್ ತೆಗೆದೆ.

ದುಡ್ಡು ಫೆಬ್ರುವರಿ ಹದಿನೆಂಟಕ್ಕೆ ಬಂತು. ದೆಹಲಿಯ ಖಾತೆಯಿಂದ, ರೂಪಾಯಿಯಲ್ಲಿ. ಬಂದರಿನಲ್ಲಿ ಕಂಟೇನರ್ ಕಾದು ನಿಂತ ಬಾಡಿಗೆಯಲ್ಲಿ ಅರ್ಧವನ್ನು ಆಂದ್ರೇ ನಮ್ಮ ದುಡ್ಡಿನಲ್ಲಿ ಮುರಿದುಕೊಂಡಿದ್ದ, ಅದನ್ನು ಪೊನ್ನಪ್ಪನವರು ತಮ್ಮ ಮೇಲೆ ಹಾಕಿಕೊಂಡರು. ಮುತ್ತಮ್ಮನ ಬಾಕಿ ಅಂದೇ ಅವರ ಖಾತೆಗೆ ಹೋಯಿತು, ಮೂಟೆಗೆ ಐನೂರರ ಲೆಕ್ಕದಲ್ಲೇ. ಅಷ್ಟು ಹೊತ್ತಿಗೆ ದೀಪಕ್ ಆ ಹತ್ತು ಗುಂಟೆಗೆ ಕಲ್ಲುಕಂಬ ನೆಟ್ಟು ತಂತಿ ಬೇಲಿ ಎಳೆದು ಮುಗಿಸಿದ್ದ. ಮೊದಲು ಅಂಚಿನಲ್ಲಿ ಒಬ್ಬರು ನುಸುಳಬಹುದಿತ್ತು. ಈಗ ಅದೂ ಇಲ್ಲ.

ಅದರ ಮುಂದಿನ ಭಾನುವಾರ ನಾನು ವಿರಾಜಪೇಟೆಗೆ ಹೋಗುವಾಗ, ಮುತ್ತಮ್ಮನ ರಶೀದಿಗೆ ಸಹಿ ಹಾಕಿಸಿಕೊಳ್ಳಲೆಂದು ಅವರ ತೋಟದ ಹತ್ತಿರ ಇಳಿದೆ. ಹಣ್ಣು ಕೀಳುವುದು ಕೊನೆಯ ಹಂತದಲ್ಲಿತ್ತು. ರಸ್ತೆಯ ಬದಿಗೆ ಮೂಟೆಗಳನ್ನು ಪೇರಿಸುತ್ತಿದ್ದರು. ಬೇಲಿಯನ್ನು ಬಳಸಿ, ಗದ್ದೆಯ ಬದುವಿನ ಮೇಲೆ ಯಾರೋ ಮೂಟೆ ಹೊತ್ತು ಬರುತ್ತಿದ್ದರು. ಆಳಿನ ಹಾಗೆ ನೆಟ್ಟಗೆ ಬರುತ್ತಿರಲಿಲ್ಲ. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಹತ್ತಿರ ಬಂದ ಮೇಲೆ ಗುರುತು ಸಿಕ್ಕಿತು. ಆಫೀಸಿಗೆ ಹಾಕಿಕೊಂಡು ಬರುವ ಅದೇ ತಿಳಿನೀಲಿ ಶರಟು, ಬೆನ್ನೆಲ್ಲ ಕಾಫಿ ಹಣ್ಣಿನ ರಸ.

"ಎಷ್ಟು ದಿನದಿಂದ ಸರ್ ಇದು?" ಎಂದೆ.

"ಸಂಕ್ರಾಂತಿ ಆದ್ಮೇಲಿಂದ. ಭಾನುವಾರ ಮಾತ್ರ." ಮೂಟೆ ಇಳಿಸಿ ಏದುಸಿರು ಬಿಟ್ಟರು. "ನಾಳೆ ರಜಾ ಹಾಕಿದೀನಿ, ಪೊನ್ನಪ್ಪನವ್ರಿಗೆ ಹೇಳ್ಬಿಡಿ. ಇನ್ನೂ ಹದಿನಾರು ಮೂಟೆ ಇದೆ."

ಹನ್ನೊಂದು ವರ್ಷದಲ್ಲಿ ಅವರು ಸೋಮವಾರ ರಜೆ ಹಾಕಿದ್ದು ನನಗೆ ನೆನಪಿಲ್ಲ. ಮುತ್ತಮ್ಮ ನನ್ನ ಪೆನ್ನು ತೆಗೆದುಕೊಂಡು ರಶೀದಿಗೆ ಸಹಿ ಹಾಕಿದರು. ಅಣ್ಣನ ಕಡೆ ನೋಡಲಿಲ್ಲ. ಸಂಕ್ರಾಂತಿಯಿಂದ ಅವರ ಜೊತೆ ಒಂದು ಮಾತೂ ಆಡಿಲ್ಲವೆಂದು ಅಲ್ಲಿ ಮೂಟೆ ಹೊಲಿಯುತ್ತಿದ್ದ ಹೆಂಗಸು ನನ್ನ ಕಿವಿಯಲ್ಲಿ ಹೇಳಿದಳು. ಬರುತ್ತಾರೆ, ಹೊರುತ್ತಾರೆ, ಹೋಗುತ್ತಾರೆ, ಮುತ್ತಮ್ಮ ಊಟಕ್ಕೂ ಕರೆಯುವುದಿಲ್ಲವಂತೆ.

ಸಣ್ಣಸ್ವಾಮಿ ಟವೆಲಿನಿಂದ ಮುಖ ಒರೆಸಿಕೊಂಡು ಮತ್ತೆ ತೋಟದ ಕಡೆ ಹೊರಟರು. ನಾಲ್ಕು ಹೆಜ್ಜೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತರು, ಮತ್ತೆ ನಡೆದರು. ಮುತ್ತಮ್ಮ ನನ್ನ ಪೆನ್ನು ಕೈಯಲ್ಲೇ ಹಿಡಿದುಕೊಂಡು ಆ ಕಡೆಯೇ ನೋಡುತ್ತಿದ್ದರು.

"ಬಗ್ಗಿ ಎತ್ತಬ್ಯಾಡ ಅಣ್ಣ" ಎಂದು ಕೂಗಿದರು. "ಕೂತ್ಕೊಂಡು ಎತ್ತು, ಸೊಂಟ ಹಿಡ್ಕೊಂತದೆ."

ಸಣ್ಣಸ್ವಾಮಿ ತಿರುಗಲಿಲ್ಲ. ಬದುವಿನ ಮೇಲೆ ಹಾಗೇ ನಿಂತುಬಿಟ್ಟರು, ಹೆಗಲು ಅಲುಗುತ್ತಿತ್ತು. ಮುತ್ತಮ್ಮ ಸೆರಗು ಸಿಕ್ಕಿಸಿಕೊಂಡು ಅವರ ಹಿಂದೆ ಹೋದರು.